ಅನಿಸಾಲ್ಡಿಹೈಡ್‌ಗೆ ಫಾರ್ಮಲಿನ್ ಹಾಕಿದರೂ ಆಸಿಡ್ ಬಂತು, ಎಡವಿದ್ದು ಎಲ್ಲಿ?

ಎಂಎಸ್ಸಿ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಸ್ವಲ್ಪ ಅನಿಸೈಲ್ ಆಲ್ಕೋಹಾಲ್ ಬೇಕಿತ್ತು. ನಮ್ಮ ಲ್ಯಾಬಿನ ಬೋರೋಹೈಡ್ರೈಡ್ ಡಬ್ಬಿ ಖಾಲಿ. ಹೊಸದು ಬರಲು ತಿಂಗಳಾಗುತ್ತದಂತೆ. "ಕ್ರಾಸ್ಡ್ ಕ್ಯಾನಿಜಾರೋ ಮಾಡಮ್ಮ, ಫಾರ್ಮಲಿನ್ ಬೇಕಾದಷ್ಟಿದೆ" ಅಂದರು ಗೈಡ್. ಸರಿ ಅಂತ ಶುರು ಮಾಡಿದೆ.

ತೆಗೆದುಕೊಂಡಿದ್ದು ಇಷ್ಟು: ಅನಿಸಾಲ್ಡಿಹೈಡ್ 13.6 ಗ್ರಾಂ, ಅಂದರೆ 0.1 ಮೋಲ್. ಮೆಥನಾಲ್ 20 ಮಿಲಿ. KOH 17 ಗ್ರಾಂ, ಅಷ್ಟೇ ನೀರಿನಲ್ಲಿ ಕರಗಿಸಿದ್ದು. ಫಾರ್ಮಲಿನ್ 10 ಮಿಲಿ. ಬಿಸಿ 65 ರಿಂದ 70 ಡಿಗ್ರಿ. ಕೊನೆಗೆ ನೀರು ಹಾಕಿ ಈಥರ್‌ನಲ್ಲಿ ಎಕ್ಸ್‌ಟ್ರಾಕ್ಟ್ ಮಾಡಿದೆ. ಆಲ್ಕೋಹಾಲ್ ಬಂದಿದ್ದು 9.1 ಗ್ರಾಂ. ಪೂರ್ತಿ ಬಂದಿದ್ದರೆ 13.8 ಗ್ರಾಂ ಆಗಬೇಕಿತ್ತು.

ನನ್ನ ತಲೆಬಿಸಿ ಅದಲ್ಲ. ಉಳಿದ ನೀರಿನ ಪದರಕ್ಕೆ ಸುಮ್ನೆ ಕುತೂಹಲಕ್ಕೆ HCl ಹಾಕಿದೆ. ಬೆಳ್ಳಗೆ ಮೊಸರಿನ ಹಾಗೆ ಘನ ಬಿತ್ತು. ಸೋಸಿ ಒಣಗಿಸಿದಾಗ 3.8 ಗ್ರಾಂ. ಕರಗಿದ್ದು 182–184 ಡಿಗ್ರಿಯಲ್ಲಿ. ಅದು ಅನಿಸಿಕ್ ಆಸಿಡ್ ಅಲ್ವಾ? ಫಾರ್ಮಾಲ್ಡಿಹೈಡೇ ಆಸಿಡ್ ಆಗಬೇಕು, ನನ್ನ ಆಲ್ಡಿಹೈಡ್ ಪೂರ್ತಿ ಆಲ್ಕೋಹಾಲ್ ಆಗಬೇಕು ಅಂತಲ್ವಾ ಓದಿದ್ದು?

ಸೂತ್ರಧಾರ

ಇದು ಸಿಂಪಲ್. ಆಲ್ಫಾ ಹೈಡ್ರೋಜನ್ ಇಲ್ಲದಿದ್ದರೆ ಕ್ಯಾನಿಜಾರೋ, ಇದ್ದರೆ ಆಲ್ಡಾಲ್. ಅನಿಸಾಲ್ಡಿಹೈಡ್‌ಗೂ ಇಲ್ಲ, ಫಾರ್ಮಾಲ್ಡಿಹೈಡ್‌ಗೂ ಇಲ್ಲ. ಹಾಗಾಗಿ ಎರಡೂ ಅರ್ಧ ಆಲ್ಕೋಹಾಲ್, ಅರ್ಧ ಆಸಿಡ್ ಆಗುತ್ತವೆ. ಒಟ್ಟು ನಾಲ್ಕು ಪ್ರಾಡಕ್ಟ್ ಬರಬೇಕು. ನಿಮಗೆ ಆಸಿಡ್ ಬಂದಿದ್ದರಲ್ಲಿ ವಿಶೇಷ ಏನೂ ಇಲ್ಲ. ಸಿಇಟಿಗೆ ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟೇ ಸಾಕು.

ಹಳೇ_ಬ್ಯೂರೆಟ್

ಸೂತ್ರಧಾರರೇ, ಪರೀಕ್ಷೆಗೆ ಸಾಕು, ಫ್ಲಾಸ್ಕ್‌ಗೆ ಸಾಲದು. ನಾಲ್ಕೂ ಸಮವಾಗಿ ಬರುವುದಾಗಿದ್ದರೆ ಅನಿಸೈಲ್ ಆಲ್ಕೋಹಾಲ್ 50% ದಾಟುತ್ತಿರಲಿಲ್ಲ, ಅಂದರೆ 6.9 ಗ್ರಾಂ. ಹುಡುಗಿಗೆ 9.1 ಗ್ರಾಂ ಬಂದಿದೆ. ಅಂದರೆ ಫಾರ್ಮಾಲ್ಡಿಹೈಡ್ ಕೆಲಸ ಮಾಡಿದೆ. ಪೂರ್ತಿ ಮಾಡಿಲ್ಲ, ಅಷ್ಟೇ.

ಮಲ್ಲಿಗೆ, ಮೊದಲು ಲೆಕ್ಕ ಹಾಕೋಣ ಬಾ. 3.8 ಗ್ರಾಂ ಅನಿಸಿಕ್ ಆಸಿಡ್ ಅಂದರೆ 0.025 ಮೋಲ್. ಒಂದು ಆಸಿಡ್ ಹುಟ್ಟಬೇಕಾದರೆ ಜೊತೆಗೆ ಒಂದು ಆಲ್ಕೋಹಾಲ್ ಹುಟ್ಟಬೇಕು. ಹಾಗಾಗಿ 0.05 ಮೋಲ್ ಆಲ್ಡಿಹೈಡ್ ತನ್ನ ತನ್ನಲ್ಲೇ ಕೊಟ್ಟು ತಗೊಂಡು ಮುಗಿಸಿದೆ. ಉಳಿದ 0.05 ಮೋಲ್‌ಗೆ ಫಾರ್ಮಾಲ್ಡಿಹೈಡ್ ಹೈಡ್ರೋಜನ್ ಕೊಟ್ಟಿದೆ. ಒಟ್ಟು ಆಲ್ಕೋಹಾಲ್ 0.075 ಮೋಲ್, ಅಂದರೆ 10.4 ಗ್ರಾಂ. ಎಕ್ಸ್‌ಟ್ರಾಕ್ಷನ್‌ನಲ್ಲಿ ಒಂದಿಷ್ಟು ಕೈತಪ್ಪಿ 9.1 ಆಗಿದೆ. ನಿನ್ನ ಲೆಕ್ಕ ಸರಿಯಾಗೇ ಕೂರುತ್ತದೆ.

ಈಗ ಒಂದೇ ಪ್ರಶ್ನೆ. ಯಾವುದನ್ನು ಮೊದಲು ಹಾಕಿದೆ, ಯಾವುದನ್ನು ಆಮೇಲೆ?

ಎಂಎಸ್ಸಿ_ಮಲ್ಲಿಗೆ

ಸರ್, ಆಲ್ಡಿಹೈಡ್ ಮತ್ತು ಮೆಥನಾಲ್ ಮೊದಲು. ಆಮೇಲೆ KOH ಪೂರ್ತಿ. ಬಿಸಿ ಮಾಡಿದೆ. ಕೊನೆಗೆ ಫಾರ್ಮಲಿನ್ ಅನ್ನು ಡ್ರಾಪಿಂಗ್ ಫನಲ್‌ನಿಂದ ಹನಿಹನಿಯಾಗಿ. ಒಟ್ಟಿಗೆ ಹಾಕಿದರೆ ಉಕ್ಕಿ ಬರಬಹುದು ಅಂತ ಭಯ ಆಯಿತು.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. KOH ಹಾಕಿ ಬಿಸಿಗೆ ಇಟ್ಟಮೇಲೆ ನೋಡಿದರೆ ಲ್ಯಾಬಿನ ಫಾರ್ಮಲಿನ್ ಬಾಟಲಿ ಖಾಲಿ. ಸ್ಟೋರಿಗೆ ಹೋದೆ. ಅಲ್ಲಿ ಊಟದ ಹೊತ್ತು. ತಂದು ಹಾಕುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ಗಂಟೆ ಆಗಿತ್ತು.

ಹಳೇ_ಬ್ಯೂರೆಟ್

ಅಲ್ಲೇ ಇದೆ ನೋಡು. ಮದುವೆಗೆ ಗಂಡು ಬರುವ ಮೊದಲೇ ಊಟ ಬಡಿಸಿದ ಹಾಗಾಯಿತು.

ಆ ಎರಡು ಗಂಟೆ ಫ್ಲಾಸ್ಕ್‌ನಲ್ಲಿ ಇದ್ದದ್ದು ಆಲ್ಡಿಹೈಡ್ ಮತ್ತು ಗಟ್ಟಿ ಕ್ಷಾರ ಮಾತ್ರ. ಕ್ಯಾನಿಜಾರೋ 1853 ರಲ್ಲಿ ಕಹಿ ಬಾದಾಮಿ ಎಣ್ಣೆಯ ಬೆಂಜಾಲ್ಡಿಹೈಡ್‌ಗೆ ಪೊಟ್ಯಾಶ್ ಹಾಕಿ ನೋಡಿದ್ದು ಇದನ್ನೇ. ಬೇರೆ ಯಾರೂ ಇಲ್ಲದಿದ್ದಾಗ ಆಲ್ಡಿಹೈಡ್‌ನ ಒಂದು ಅಣು ಕೊಡುತ್ತದೆ, ಇನ್ನೊಂದು ತಗೊಳ್ಳುತ್ತದೆ. ಕೊಟ್ಟದ್ದು ಆಸಿಡ್ ಆಗುತ್ತದೆ, ತಗೊಂಡದ್ದು ಆಲ್ಕೋಹಾಲ್. ಅನಿಸಾಲ್ಡಿಹೈಡ್ ಈ ವಿಷಯದಲ್ಲಿ ಬೆಂಜಾಲ್ಡಿಹೈಡ್‌ಗಿಂತ ನಿಧಾನ. ಆ ಮೆಥಾಕ್ಸಿ ಗುಂಪು ಕಾರ್ಬೊನಿಲ್‌ಗೆ ಎಲೆಕ್ಟ್ರಾನ್ ತುಂಬಿ ಅದರ ಹಸಿವನ್ನು ಕಡಿಮೆ ಮಾಡುತ್ತದೆ. ಬೆಂಜಾಲ್ಡಿಹೈಡ್ ಆಗಿದ್ದರೆ ಇಷ್ಟು ಹೊತ್ತಿಗೆ ಇನ್ನೂ ಜಾಸ್ತಿ ಕೆಟ್ಟಿರುತ್ತಿತ್ತು.

ಆಮೇಲೆ ಹನಿಹನಿ ಫಾರ್ಮಲಿನ್ ಹಾಕಿದ್ದೂ ಉಲ್ಟಾ. ಪ್ರತಿ ಹನಿ ಬೀಳುವಾಗಲೂ ಸುತ್ತ ಅನಿಸಾಲ್ಡಿಹೈಡ್ ಜಾಸ್ತಿ, ಫಾರ್ಮಾಲ್ಡಿಹೈಡ್ ಕಡಿಮೆ. ಸರಿಯಾದ ಕ್ರಮ ಇದು: ಮೆಥನಾಲ್, ಆಲ್ಡಿಹೈಡ್, ಫಾರ್ಮಲಿನ್ ಮೂರನ್ನೂ ಒಟ್ಟಿಗೆ ಸೇರಿಸಿ 65 ಡಿಗ್ರಿಗೆ ತರಬೇಕು. ಆಮೇಲೆ KOH ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಳಗೆ ತಣ್ಣೀರಿನ ಬೋಗುಣಿ ರೆಡಿ ಇರಲಿ. ಬಿಸಿ 75 ದಾಟಬಾರದು. ನಿನ್ನ ಭಯ ಸರಿ, ಉಕ್ಕುವುದು ನಿಜ. ಆದರೆ ಹನಿ ಬಿಡಬೇಕಾದದ್ದು ಫಾರ್ಮಲಿನ್ ಅಲ್ಲ, ಕ್ಷಾರ. KOH ಮುಗಿದ ಮೇಲೆ 70 ರಲ್ಲಿ 40 ನಿಮಿಷ, ಆಮೇಲೆ 20 ನಿಮಿಷ ರಿಫ್ಲಕ್ಸ್. ಎಲ್ಲ ಫ್ಯೂಮ್ ಹುಡ್ ಒಳಗೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು, ಮೂಗಿಗೆ ಅಭ್ಯಾಸ ಆಯಿತು ಅಂತ ಸುಮ್ಮನಾಗಬೇಡ.

ಮೂರನೇ_ಬೆಂಚು

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನಗೆ ಬಿಎಸ್ಸಿಯಿಂದಲೂ ಒಂದು ವಿಷಯ ತಲೆಗೆ ಹೋಗಿಲ್ಲ. ಫಾರ್ಮಾಲ್ಡಿಹೈಡ್ ಯಾಕೆ ಕೊಡುವ ಕಡೆಗೇ ನಿಲ್ಲುತ್ತದೆ ಅಂದರೆ "ಅದರ ಕಾರ್ಬೊನಿಲ್ ತುಂಬಾ ಚುರುಕು, OH⁻ ಅದಕ್ಕೇ ಮೊದಲು ಅಂಟುತ್ತದೆ" ಅನ್ನುತ್ತಾರೆ. ಒಪ್ಪಿದೆ. ಆದರೆ ಅಷ್ಟು ಚುರುಕಾಗಿದ್ದರೆ ಹೈಡ್ರೈಡ್ ತಗೊಳ್ಳುವುದರಲ್ಲೂ ಅದೇ ಮುಂದಿರಬೇಕಲ್ಲವೇ? ಹಾಗಾದರೆ ಫಾರ್ಮಾಲ್ಡಿಹೈಡ್ ಫಾರ್ಮಾಲ್ಡಿಹೈಡ್‌ಗೇ ಕೊಟ್ಟು ಖಾಲಿ ಆಗಬೇಕು. ಅನಿಸಾಲ್ಡಿಹೈಡ್ ಪಾಡಿಗೆ ಅದು ಹಾಗೇ ಕೂತಿರಬೇಕು.

ಸೂತ್ರಧಾರ

ಫಾರ್ಮಾಲ್ಡಿಹೈಡ್‌ಗೆ ಎರಡು ಹೈಡ್ರೋಜನ್ ಇವೆ, ಹಾಗಾಗಿ ಅದೇ ಕೊಡುತ್ತದೆ. ಇಷ್ಟೇ.

ಹಳೇ_ಬ್ಯೂರೆಟ್

ಎರಡು ಹೈಡ್ರೋಜನ್ ಇರುವುದರಿಂದ ಸ್ವಲ್ಪ ಅನುಕೂಲ ಇರಬಹುದು, ಅದೇ ಕಾರಣ ಅಲ್ಲ. ಬೆಂಚಿನವರ ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಪಾಠ ಮಾಡಿದ್ದರಲ್ಲಿ ಇದನ್ನು ಕೇಳಿದವರು ಇಬ್ಬರೋ ಮೂವರೋ.

ಬಾಟಲಿಯಲ್ಲಿರುವ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಎಷ್ಟಿದೆ ಅಂದುಕೊಂಡಿದ್ದೀರಿ? ಲೇಬಲ್ 37% ಅನ್ನುತ್ತದೆ. ಆದರೆ HCHO ರೂಪದಲ್ಲಿ ಇರುವುದು ತೀರಾ ಅಲ್ಪ. ಹತ್ತಿರ ಹತ್ತಿರ ಎಲ್ಲವೂ ನೀರನ್ನು ಅಂಟಿಸಿಕೊಂಡು CH₂(OH)₂ ಆಗಿರುತ್ತದೆ, ಅಥವಾ ಅದರ ಸಣ್ಣ ಸರಪಳಿಗಳಾಗಿರುತ್ತದೆ. ಈ ರೂಪದಲ್ಲಿ ಕಾರ್ಬೊನಿಲ್ಲೇ ಇಲ್ಲ. ಕಾರ್ಬೊನಿಲ್ ಇಲ್ಲದ್ದು ಹೈಡ್ರೈಡ್ ತಗೊಳ್ಳುವುದು ಹೇಗೆ? ಕೈ ಮುಚ್ಚಿಕೊಂಡು ಕೂತಿದೆ. ಆದರೆ ಕೊಡಲು ಅದಕ್ಕೆ ಅಡ್ಡಿ ಇಲ್ಲ. ಕ್ಷಾರ ಅದರ OH ಗಳಿಂದ ಪ್ರೋಟಾನ್ ಕಿತ್ತರೆ ಸಾಕು. ಮೈತುಂಬ ಋಣ ಚಾರ್ಜ್ ತುಂಬಿಕೊಂಡ ಆ ಅಣು ಹೈಡ್ರೋಜನ್ ಅನ್ನು ಎರಡು ಎಲೆಕ್ಟ್ರಾನ್ ಸಮೇತ ಆಚೆ ದೂಡಲು ಕಾಯುತ್ತಿರುತ್ತದೆ. ದೂಡಿದ ಮೇಲೆ ಉಳಿಯುವುದು ಫಾರ್ಮೇಟ್, ಅದು ಆರಾಮಾಗಿ ಕೂರುತ್ತದೆ.

ಅನಿಸಾಲ್ಡಿಹೈಡ್‌ನ ಕಥೆ ಪೂರ್ತಿ ಉಲ್ಟಾ. ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ. OH⁻ ಬಂದು ಅಂಟಿದರೂ ಬೇಗ ಬಿಟ್ಟುಹೋಗುತ್ತದೆ. ಹಾಗಾಗಿ ಕೊಡುವ ರೂಪದಲ್ಲಿ ಅದು ಇರುವುದು ಕಡಿಮೆ, ತಗೊಳ್ಳುವ ರೂಪದಲ್ಲಿ ಅಂದರೆ ಬಿಚ್ಚಿದ ಕಾರ್ಬೊನಿಲ್ ಆಗಿ ಇರುವುದೇ ಜಾಸ್ತಿ. ಒಂದು ಕಡೆ ಕೊಡುವವರ ಗುಂಪು, ಇನ್ನೊಂದು ಕಡೆ ತಗೊಳ್ಳುವವರ ಗುಂಪು. ಚುರುಕುತನಕ್ಕಿಂತ ಯಾರು ಯಾವ ರೂಪದಲ್ಲಿ ಎಷ್ಟು ಮಂದಿ ಇದ್ದಾರೆ ಅನ್ನುವುದು ಇಲ್ಲಿ ಮುಖ್ಯ.

ನೀವು ಹೇಳಿದ ಹಾಗೆ ಫಾರ್ಮಾಲ್ಡಿಹೈಡ್ ತನ್ನೊಳಗೇ ಖಾಲಿ ಆಗುವುದೂ ಸ್ವಲ್ಪ ನಡೆಯುತ್ತದೆ. ಮೆಥನಾಲ್ ಮತ್ತು ಫಾರ್ಮೇಟ್ ಆಗುತ್ತದೆ. ಅದಕ್ಕೇ 0.1 ಮೋಲ್‌ಗೆ 10 ಮಿಲಿ ಫಾರ್ಮಲಿನ್, ಅಂದರೆ 0.13 ಮೋಲ್ ಹಾಕುವುದು. ಆ ಮೂರನೇ ಒಂದು ಭಾಗ ಹೋಗಲಿ ಅಂತಲೇ ಹಾಕಿದ್ದು.

ಮೂರನೇ_ಬೆಂಚು

ಓ! ಅಂದರೆ ಫಾರ್ಮಲಿನ್ ಅನ್ನು ನಾನು ಇಷ್ಟು ದಿನ ತಪ್ಪಾಗಿ ಕಲ್ಪಿಸಿಕೊಂಡಿದ್ದೆ. ಥ್ಯಾಂಕ್ಸ್ ಸರ್.

ಇನ್ನೊಂದು ಸಣ್ಣ ಅನುಮಾನ. ಆ ಹೈಡ್ರೋಜನ್ ನಿಜವಾಗಿ ಆಲ್ಡಿಹೈಡ್‌ನಿಂದ ಬಂತೋ, ನೀರಿನಿಂದ ಬಂತೋ ಅಂತ ಹೇಗೆ ಗೊತ್ತು?

ಹಳೇ_ಬ್ಯೂರೆಟ್

ಭಾರ ನೀರಿನಲ್ಲಿ ಮಾಡಿ ನೋಡಿದ್ದಾರೆ, 1930 ರ ದಶಕದಲ್ಲೇ. D₂O ನಲ್ಲಿ ಮಾಡಿದರೂ ಆಲ್ಕೋಹಾಲ್‌ನ ಕಾರ್ಬನ್ ಮೇಲೆ ಡ್ಯೂಟೀರಿಯಂ ಕೂರಲಿಲ್ಲ. ನೀರಿನಿಂದ ಬಂದಿದ್ದರೆ ಕೂರಬೇಕಿತ್ತು. ಮಲ್ಲಿಗೆಯ ಪ್ರಯೋಗವನ್ನೇ ಡ್ಯೂಟೀರಿಯಂ ಇರುವ ಫಾರ್ಮಾಲ್ಡಿಹೈಡ್ ಹಾಕಿ ಮಾಡಿದರೆ ArCHD–OH ಬರಬೇಕು. NMR ನಲ್ಲಿ 4.6 ರ ಹತ್ತಿರ ಕಾಣುವ CH₂ ಸಿಗ್ನಲ್ ಎರಡು ಹೈಡ್ರೋಜನ್ ಬದಲು ಒಂದಕ್ಕೆ ಇಳಿಯುತ್ತದೆ.

ಕಪ್ಪೆಗೂಡು

ನಾನು ಪ್ರಾಣಿಶಾಸ್ತ್ರದವನು. ಫಾರ್ಮಲಿನ್ ಅಂತ ಕಂಡು ಒಳಗೆ ಬಂದೆ. ನಮ್ಮ ಮ್ಯೂಸಿಯಂನಲ್ಲಿ ಕಪ್ಪೆ, ಹಾವು ಎಲ್ಲ ಫಾರ್ಮಲಿನ್ ಜಾಡಿಯಲ್ಲಿವೆ. ಕೆಲವು ವರ್ಷ ಆದಮೇಲೆ ಲಿಟ್ಮಸ್ ಇಟ್ಟರೆ ಕೆಂಪಾಗುತ್ತದೆ. ಮೂಳೆ ಮೆತ್ತಗಾಗುತ್ತವೆ. ನಮ್ಮ ಹಳೇ ಅಟೆಂಡರ್ ಪ್ರತಿ ಜಾಡಿಗೂ ಒಂದೊಂದು ಸೀಮೆಸುಣ್ಣದ ತುಂಡು ಹಾಕುತ್ತಿದ್ದರು. ಇದೂ ನೀವು ಹೇಳುತ್ತಿರುವ ಕ್ಯಾನಿಜಾರೋನೇ? ಜಾಡಿಗೆ KOH ಹಾಕಿದರೆ ಹುಳಿ ಹೋಗುತ್ತದಾ?

ಹಳೇ_ಬ್ಯೂರೆಟ್

ಅಯ್ಯೋ, KOH ಮಾತ್ರ ಹಾಕಬೇಡಿ ಮಾರಾಯರೇ! ಗಟ್ಟಿ ಕ್ಷಾರ ಹಾಕಿದರೆ ಫಾರ್ಮಾಲ್ಡಿಹೈಡೇ ಮುಗಿದುಹೋಗುತ್ತದೆ, ಕಪ್ಪೆಯೂ ಕರಗುತ್ತದೆ. ನಿಮ್ಮ ಅಟೆಂಡರ್ ಬುದ್ಧಿವಂತರು, ಸೀಮೆಸುಣ್ಣವೇ ಸರಿ. ನಿಮ್ಮ ಹುಳಿ ಫಾರ್ಮಿಕ್ ಆಸಿಡ್. ಗಾಳಿಯ ಆಮ್ಲಜನಕದಿಂದ ಬಂದದ್ದು. ಕ್ಯಾನಿಜಾರೋಗೆ ಗಟ್ಟಿ ಕ್ಷಾರ ಬೇಕು, ಜಾಡಿಯಲ್ಲಿ ಅದು ಎಲ್ಲಿದೆ?

ರೆಸಿನ್_ರಾಯ

ಸರ್, ಇಲ್ಲಿ ನನ್ನದು ಬೇರೆ ಅಭಿಪ್ರಾಯ. ನಾನು ಫಾರ್ಮಾಲ್ಡಿಹೈಡ್ ಬಳಸುವ ಪ್ಲಾಂಟ್‌ನಲ್ಲಿ ಬಹಳ ವರ್ಷ ಇದ್ದವನು. ಸೀಲ್ ಮಾಡಿದ ಡ್ರಮ್‌ನಲ್ಲೂ ಆಸಿಡ್ ಏರುತ್ತದೆ. ಬೇಸಿಗೆಯಲ್ಲಿ ಜಾಸ್ತಿ ಏರುತ್ತದೆ. ಗಾಳಿ ಅಷ್ಟು ಎಲ್ಲಿಂದ ಬರಬೇಕು? ಅಣುಗಳು ತಮ್ಮಲ್ಲೇ ಕೊಟ್ಟು ತಗೊಳ್ಳುತ್ತವೆ, ನಿಧಾನವಾಗಿ, ಕ್ಷಾರ ಇಲ್ಲದೆಯೂ. ಕೆಲಸದಲ್ಲಿ ನಾವು ಅದನ್ನು ಕ್ಯಾನಿಜಾರೋ ಅಂತಲೇ ಕರೆಯುತ್ತಿದ್ದೆವು.

ಹಳೇ_ಬ್ಯೂರೆಟ್

ಡ್ರಮ್‌ಗೆ ನಿಮ್ಮ ಮಾತು ಇರಬಹುದು. ಮುಚ್ಚಳ ಸರಿಯಿಲ್ಲದ ಮ್ಯೂಸಿಯಂ ಜಾಡಿಗೆ ನಾನು ಗಾಳಿಯನ್ನೇ ದೂರುತ್ತೇನೆ. ಎರಡೂ ಒಟ್ಟಿಗೆ ನಡೆಯುತ್ತಿದ್ದರೂ ಆಶ್ಚರ್ಯ ಇಲ್ಲ. ಇದನ್ನು ಇಲ್ಲಿ ಬಗೆಹರಿಸಲು ಆಗುವುದಿಲ್ಲ.

ರೆಸಿನ್_ರಾಯ

ಸರಿ ಸರ್. ಆದರೆ ಸೂತ್ರಧಾರರ "ಆಲ್ಫಾ ಹೈಡ್ರೋಜನ್ ಇದ್ದರೆ ಕ್ಯಾನಿಜಾರೋ ಇಲ್ಲ" ಅನ್ನುವ ಮಾತನ್ನು ಬಿಡುವ ಹಾಗಿಲ್ಲ. ನಾನು ನೋಡಿದ ಅತಿ ದೊಡ್ಡ ಕ್ಯಾನಿಜಾರೋ ಅಸಿಟಾಲ್ಡಿಹೈಡ್‌ನದು. ಅದಕ್ಕೆ ಆಲ್ಫಾ ಹೈಡ್ರೋಜನ್ ಮೂರಿವೆ!

ಪೆಂಟಾಎರಿಥ್ರಿಟಾಲ್ ಕೇಳಿರಬೇಕು. ಆಲ್ಕಿಡ್ ಪೇಂಟ್‌ನ ರೆಸಿನ್‌ಗೆ ಹಾಕುತ್ತಾರೆ. ಅಸಿಟಾಲ್ಡಿಹೈಡ್‌ಗೆ ಕ್ಷಾರದಲ್ಲಿ ಫಾರ್ಮಾಲ್ಡಿಹೈಡ್ ಕೊಟ್ಟರೆ ಮೊದಲು ಆಲ್ಡಾಲ್ ನಡೆಯುತ್ತದೆ. ಮೂರು ಸಲ ನಡೆದು ಮೂರು ಆಲ್ಫಾ ಹೈಡ್ರೋಜನ್ ಜಾಗದಲ್ಲೂ CH₂OH ಕೂರುತ್ತದೆ. ಈಗ ಉಳಿದ ಆಲ್ಡಿಹೈಡ್‌ಗೆ ಆಲ್ಫಾ ಹೈಡ್ರೋಜನ್ನೇ ಇಲ್ಲ. ಆಲ್ಡಾಲ್ ದಾರಿ ಮುಚ್ಚಿತು. ನಾಲ್ಕನೇ ಫಾರ್ಮಾಲ್ಡಿಹೈಡ್ ಬಂದು ಹೈಡ್ರೈಡ್ ಕೊಟ್ಟು ಅದನ್ನೂ CH₂OH ಮಾಡುತ್ತದೆ. ಒಟ್ಟು ಲೆಕ್ಕ ಇದು:

CH₃CHO + 4 HCHO + NaOH → C(CH₂OH)₄ + HCOONa

ಇದರಲ್ಲಿ ಪ್ಲಾಂಟಿನವರಿಗೆ ಹೊಟ್ಟೆ ಉರಿಸುವುದು ಕೊನೆಯ ಹೆಸರು. ಪೆಂಟಾ 136, ಸೋಡಿಯಂ ಫಾರ್ಮೇಟ್ 68. ಅಂದರೆ ಒಂದು ಕಿಲೋ ಪೆಂಟಾ ಮಾಡಿದರೆ ಅರ್ಧ ಕಿಲೋ ಫಾರ್ಮೇಟ್ ಬಂದೇ ಬರುತ್ತದೆ. ಬೇಡ ಅಂದರೂ ಬರುತ್ತದೆ. ಪೆಂಟಾದಿಂದ ಅದನ್ನು ಬೇರ್ಪಡಿಸಬೇಕು, ಬೇರ್ಪಡಿಸಿ ಚರ್ಮ ಹದ ಮಾಡುವವರಿಗೋ ಇನ್ನಾರಿಗೋ ಮಾರಬೇಕು.

ಮಲ್ಲಿಗೆಯವರ ಕ್ರಮದ ತಪ್ಪು ಇಲ್ಲೂ ಆಗುತ್ತದೆ. ಅಸಿಟಾಲ್ಡಿಹೈಡ್ ಅನ್ನು ನಿಧಾನ ಬಿಡಬೇಕು, ಸುತ್ತ ಸದಾ ಫಾರ್ಮಾಲ್ಡಿಹೈಡ್ ಜಾಸ್ತಿ ಇರಬೇಕು. ಮೊದಮೊದಲು ತಣ್ಣಗಿಟ್ಟು ಆಲ್ಡಾಲ್ ಮುಗಿಸಿಕೊಳ್ಳಬೇಕು, ಆಮೇಲೆ ಬಿಸಿ ಏರಿಸಬೇಕು. ಆತುರಪಟ್ಟರೆ ಅಸಿಟಾಲ್ಡಿಹೈಡ್ ತನ್ನನ್ನೇ ತಾನು ಹಿಡಿದುಕೊಂಡು ಅಂಟು ಆಗುತ್ತದೆ. ಬ್ಯಾಚ್ ಹಳದಿ ತಿರುಗಿದರೆ ನಮಗೆ ಗೊತ್ತಾಗುತ್ತಿತ್ತು, ಇವತ್ತು ಬೈಗುಳ ಗ್ಯಾರಂಟಿ.

ಸೂತ್ರಧಾರ

ಒಪ್ಪಿದೆ. ಪೆಂಟಾ ನಮ್ಮ ಸಿಲೆಬಸ್‌ನಲ್ಲಿ ಇಲ್ಲ. ಆದರೆ ನನ್ನ ಸೂತ್ರದ ಇನ್ನೊಂದು ಅರ್ಧವಾದರೂ ಗಟ್ಟಿ ತಾನೇ? ಆಲ್ಫಾ ಹೈಡ್ರೋಜನ್ ಇಲ್ಲದಿದ್ದರೆ ಕ್ಯಾನಿಜಾರೋ ಆಗೇ ಆಗುತ್ತದೆ.

ಹಳೇ_ಬ್ಯೂರೆಟ್

ಕ್ಲೋರಾಲ್ ತಗೊಳ್ಳಿ, CCl₃CHO. ಆಲ್ಫಾ ಹೈಡ್ರೋಜನ್ ಒಂದೂ ಇಲ್ಲ. ಕ್ಷಾರ ಹಾಕಿದರೆ ಏನು ಬರುತ್ತದೆ?

ಸೂತ್ರಧಾರ

ಕ್ಲೋರೋಫಾರ್ಮ್. ಅಯ್ಯೋ ಹೌದು. ಅದು ಇನ್ನೊಂದು ಪಾಠದಲ್ಲಿ ಬರುತ್ತದೆ. ಎರಡನ್ನೂ ಜೋಡಿಸಿ ನೋಡಿರಲೇ ಇಲ್ಲ.

ಹಳೇ_ಬ್ಯೂರೆಟ್

ಅಲ್ಲೂ OH⁻ ಬಂದು ಅಂಟುವವರೆಗೆ ಕಥೆ ಒಂದೇ. ಆಮೇಲೆ ಆಚೆ ಹೋಗಬೇಕಾದದ್ದು ಯಾರು ಅನ್ನುವುದು ಪ್ರಶ್ನೆ. ಹೈಡ್ರೈಡ್‌ಗಿಂತ CCl₃⁻ ಸುಲಭವಾಗಿ ಕಳಚಿಕೊಳ್ಳುತ್ತದೆ. ಮೂರು ಕ್ಲೋರಿನ್ ಸೇರಿ ಆ ಋಣ ಚಾರ್ಜ್ ಅನ್ನು ಹೊತ್ತುಕೊಳ್ಳುತ್ತವೆ. ಹಾಗಾಗಿ ಕ್ಲೋರೋಫಾರ್ಮ್ ಮತ್ತು ಫಾರ್ಮೇಟ್.

ವೆನಿಲಾ_ತೋಟ

ನನ್ನ ಸೋಲಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ನಮ್ಮ ಅಪ್ಪ ಒಂದು ಕಾಲದಲ್ಲಿ ವೆನಿಲಾ ಬೆಳೆದಿದ್ದರು. ಬೆಲೆ ಬಿದ್ದಮೇಲೆ ಬಳ್ಳಿ ಕಿತ್ತುಹಾಕಿದರು. ನಾನು ಕೆಮಿಸ್ಟ್ರಿ ಓದಿದೆ, ವಾಸನೆ ಮಾತ್ರ ಬಿಡಲಿಲ್ಲ. ಎಂಎಸ್ಸಿಯಲ್ಲಿ ವೆನಿಲಿನ್‌ನಿಂದ ವೆನಿಲೈಲ್ ಆಲ್ಕೋಹಾಲ್ ಮಾಡಲು ಇದೇ ಫಾರ್ಮಲಿನ್, KOH ವಿಧಾನ ಹಿಡಿದೆ. ಪಕ್ಕದ ಬೆಂಚಿನವಳು ಪೈಪರೋನಾಲ್ ಹಾಕಿ ಒಂದೇ ದಿನದಲ್ಲಿ ಚೆಂದದ ಹರಳು ತೆಗೆದಳು. ನನ್ನದು ಹಳದಿ ದ್ರಾವಣ. ಆಸಿಡ್ ಹಾಕಿದರೆ ವೆನಿಲಿನ್ನೇ ವಾಪಸ್, ಜೊತೆಗೆ ಅಂಟಂಟು ಏನೋ. ಎರಡೂ ವೆನಿಲಾ ವಾಸನೆಯ ಬಳಗವೇ. ಯಾಕೆ ಹೀಗೆ ಅಂತ ಆಗ ಯಾರೂ ಹೇಳಲಿಲ್ಲ. ಇನ್ನಷ್ಟು KOH ಹಾಕು ಅಂದರು. ಹಾಕಿದೆ. ಏನೂ ಆಗಲಿಲ್ಲ.

ಹಳೇ_ಬ್ಯೂರೆಟ್

ಇನ್ನಷ್ಟು KOH ಹಾಕಿದ್ದರಿಂದ ಏನೂ ಆಗುವ ಹಾಗಿರಲಿಲ್ಲ. ವೆನಿಲಿನ್‌ನಲ್ಲಿ ಆಲ್ಡಿಹೈಡ್‌ನ ನೇರ ಎದುರಿಗೆ ಫೀನಾಲ್ OH ಇದೆ. ಕ್ಷಾರ ಬಿದ್ದ ಕೂಡಲೇ ಅದು O⁻ ಆಗುತ್ತದೆ. ಆ ಎಲೆಕ್ಟ್ರಾನ್‌ಗಳು ಉಂಗುರದ ಮೂಲಕ ಹರಿದು ಸೀದಾ ಕಾರ್ಬೊನಿಲ್‌ಗೆ ಬರುತ್ತವೆ. ಹೊಟ್ಟೆ ತುಂಬಿದವನಿಗೆ ಊಟ ಬಡಿಸಿದ ಹಾಗೆ. ಅದು OH⁻ ಅನ್ನೂ ತಗೊಳ್ಳುವುದಿಲ್ಲ, ಹೈಡ್ರೈಡ್ ಅನ್ನೂ ತಗೊಳ್ಳುವುದಿಲ್ಲ. ಹಳದಿ ಬಣ್ಣ ಆ ಫೀನಾಕ್ಸೈಡ್‌ನದು. ನಿಮ್ಮ ಅಂಟು ಇನ್ನೊಂದು ದಾರಿಯಿಂದ ಬಂದಿರಬೇಕು. ಅದೇ ಫೀನಾಕ್ಸೈಡ್ ಉಂಗುರದ ಖಾಲಿ ಜಾಗದಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಹಿಡಿದುಕೊಳ್ಳುತ್ತದೆ. ಫೀನಾಲ್ ರೆಸಿನ್ ಶುರುವಾಗುವುದೂ ಹಾಗೇ.

ಪೈಪರೋನಾಲ್‌ನಲ್ಲಿ ಎರಡೂ ಆಮ್ಲಜನಕಕ್ಕೆ CH₂ ಸೇತುವೆ ಕಟ್ಟಿದೆ. ಕಿತ್ತುಕೊಳ್ಳಲು ಪ್ರೋಟಾನ್ ಇಲ್ಲ. ಹಾಗಾಗಿ ನಡೆಯುತ್ತದೆ.

ವೆನಿಲಾ_ತೋಟ

ಹನ್ನೆರಡು ವರ್ಷ ಆದಮೇಲೆ ಉತ್ತರ ಸಿಕ್ಕಿತು! ಒಂದು ಅನುಮಾನ ಮಾತ್ರ. ಸಿಲ್ವರ್ ಆಕ್ಸೈಡ್ ಮತ್ತು ಕ್ಷಾರ ಹಾಕಿ ವೆನಿಲಿನ್‌ನಿಂದ ವೆನಿಲಿಕ್ ಆಸಿಡ್ ಮಾಡುತ್ತಾರಲ್ಲ, ಅದು ಕ್ಯಾನಿಜಾರೋ ಅಲ್ಲವೇ?

ಹಳೇ_ಬ್ಯೂರೆಟ್

ಅಲ್ಲಿ ಸಿಲ್ವರ್ ಆಕ್ಸೈಡ್ ಆಲ್ಡಿಹೈಡ್ ಅನ್ನು ಆಕ್ಸಿಡೈಸ್ ಮಾಡುತ್ತದೆ, ಆಲ್ಕೋಹಾಲ್ ಹುಟ್ಟುವುದಿಲ್ಲ. ಸಿಲ್ವರ್ ಕೆಟಲಿಸ್ಟ್ ಇದ್ದರೆ ಕ್ಯಾನಿಜಾರೋ ಥರದ್ದೂ ಆಗುತ್ತದೆ ಅಂತ ಓದಿದ್ದೇನೆ. ನಾನು ಕೈಯಾರೆ ಮಾಡಿಲ್ಲ, ಹಾಗಾಗಿ ಜಾಸ್ತಿ ಮಾತಾಡುವುದಿಲ್ಲ.

ರೆಸಿನ್_ರಾಯ

ಮಲ್ಲಿಗೆ, ಲ್ಯಾಬಿನ ಅನಿಸಾಲ್ಡಿಹೈಡ್ ಬಾಟಲಿ ಎಷ್ಟು ಹಳೇದು? ಮುಚ್ಚಳದ ಸುತ್ತ ಬೆಳ್ಳಗೆ ಪುಡಿ ಕಟ್ಟಿದೆಯಾ ನೋಡಿ. ಈ ಆಲ್ಡಿಹೈಡ್‌ಗಳು ಬಾಟಲಿಯಲ್ಲೇ ಗಾಳಿ ಕುಡಿದು ಆಸಿಡ್ ಆಗಿರುತ್ತವೆ. ನಿಮ್ಮ 3.8 ಗ್ರಾಂನಲ್ಲಿ ಒಂದಿಷ್ಟು ಮೊದಲೇ ಇದ್ದದ್ದು ಇರಬಹುದು. ಅದಾದರೆ ಸರ್ ಹಾಕಿದ ಲೆಕ್ಕವೂ ಅಲ್ಲಾಡುತ್ತದೆ.

ಹಳೇ_ಬ್ಯೂರೆಟ್

ಛೆ, ಇದನ್ನು ನಾನೇ ಮೊದಲು ಕೇಳಬೇಕಿತ್ತು. ರಾಯರು ಸರಿ. ಅದೇ ಬಾಟಲಿಯಿಂದ 13.6 ಗ್ರಾಂ ತೆಗೆದು ಈಥರ್‌ನಲ್ಲಿ ಕರಗಿಸು. ಬೈಕಾರ್ಬೊನೇಟ್ ದ್ರಾವಣದಲ್ಲಿ ಚೆನ್ನಾಗಿ ಕುಲುಕು. ಗ್ಯಾಸ್ ಬರುತ್ತದೆ, ಫನಲ್ ಮೂತಿ ಆಗಾಗ ತೆರೆ. ನೀರಿನ ಪದರಕ್ಕೆ HCl ಹಾಕಿ ಬಿದ್ದದ್ದನ್ನು ತೂಗು.

ಎಂಎಸ್ಸಿ_ಮಲ್ಲಿಗೆ

ನಾಲ್ಕು ದಿನ ಆದಮೇಲೆ ಬಂದಿದ್ದೇನೆ, ಕ್ಷಮಿಸಿ.

ರಾಯರು ಹೇಳಿದ್ದು ನಿಜ. ಮುಚ್ಚಳದಲ್ಲಿ ಪುಡಿ ಇತ್ತು. ತೊಳೆದಾಗ 1.3 ಗ್ರಾಂ ಆಸಿಡ್ ಸಿಕ್ಕಿತು. ಅಂದರೆ ನಾನು ಹಾಕಿದ್ದು 13.6 ಅಲ್ಲ, ನಿಜವಾದ ಆಲ್ಡಿಹೈಡ್ 12.3 ಗ್ರಾಂ ಮಾತ್ರ, 0.09 ಮೋಲ್. ಮೊದಲ ಸಲದ 3.8 ರಲ್ಲಿ 1.3 ಕಳೆದರೆ 2.5 ಗ್ರಾಂ, ಸುಮಾರು 0.016 ಮೋಲ್. ಅಷ್ಟು ಆಸಿಡ್ ಆ ಎರಡು ಗಂಟೆಯ ಊಟದ ಫಲ. ಹಾಗೆ ನೋಡಿದರೆ ಆಲ್ಕೋಹಾಲ್ ಜಾಸ್ತಿ ಅಂದರೆ 0.074 ಮೋಲ್, 10.2 ಗ್ರಾಂ ಬರಬಹುದಿತ್ತು. ಬಂದದ್ದು 9.1. ಲೆಕ್ಕ ಸರಿಯಾ ಸರ್?

ಎರಡನೇ ಸಲ ತೊಳೆದು ಒಣಗಿಸಿದ ಆಲ್ಡಿಹೈಡ್ 13.6 ಗ್ರಾಂ ತಗೊಂಡೆ. ಫಾರ್ಮಲಿನ್ ಮೊದಲೇ ಸೇರಿಸಿದೆ. KOH ಹನಿಹನಿ. ಬಿಸಿ ಒಂದು ಸಲ 78 ಕ್ಕೆ ಹೋಯಿತು, ತಕ್ಷಣ ತಣ್ಣೀರಿಗೆ ಇಳಿಸಿದೆ. ಕೊನೆಗೆ ಆಲ್ಕೋಹಾಲ್ 12.0 ಗ್ರಾಂ, 87%. TLC ಯಲ್ಲಿ ಆಲ್ಡಿಹೈಡ್ ಚುಕ್ಕೆ ಇಲ್ಲ. DNPH ಹಾಕಿದರೆ ಕಿತ್ತಳೆ ಬಣ್ಣದ ಗಸಿ ಬೀಳಲಿಲ್ಲ.

ಎರಡು ಅನುಮಾನ ಉಳಿದಿವೆ. ಒಂದು, ಪುಸ್ತಕದಲ್ಲಿ ಅನಿಸೈಲ್ ಆಲ್ಕೋಹಾಲ್ ಘನ ಅಂತ ಇದೆ, ನನ್ನದು ಎಣ್ಣೆಯ ಹಾಗೇ ಇದೆ. ಎರಡು, ಈ ಸಲವೂ ಆಸಿಡ್ 0.3 ಗ್ರಾಂ ಬಂತು. ಅದು ಎಲ್ಲಿಂದ?

ಹಳೇ_ಬ್ಯೂರೆಟ್

ಲೆಕ್ಕ ನನ್ನದಕ್ಕಿಂತ ಚೆನ್ನಾಗಿದೆ.

ಎಣ್ಣೆಯ ಬಗ್ಗೆ ಚಿಂತೆ ಬೇಡ. ಅದು ಕರಗುವುದು 24–25 ಡಿಗ್ರಿಯಲ್ಲಿ. ಕಲಬುರಗಿ ಕಡೆಯ ಏಪ್ರಿಲ್ ಆಗಿದ್ದರೆ ಅದು ಗಟ್ಟಿಯಾಗುವುದು ಕನಸಿನಲ್ಲಿ ಮಾತ್ರ. ಫ್ರಿಜ್‌ನಲ್ಲಿ ಇಟ್ಟು ನೋಡು. ಒಂದು ಎಚ್ಚರ: ಆಲ್ಕೋಹಾಲ್ ಇರುವ ಪದರಕ್ಕೆ ಯಾವತ್ತೂ ಗಟ್ಟಿ HCl ತಾಗಿಸಬೇಡ. ಆ ಮೆಥಾಕ್ಸಿ ಇರುವುದರಿಂದ OH ಬಹಳ ಬೇಗ ಕಳಚಿ ಕ್ಲೋರೈಡ್ ಆಗುತ್ತದೆ. ಮೊದಲು ಈಥರ್‌ನಲ್ಲಿ ಆಲ್ಕೋಹಾಲ್ ತೆಗೆದು, ಆಮೇಲೆ ನೀರಿನ ಪದರಕ್ಕೆ ಆಸಿಡ್ ಹಾಕಿದೆಯಲ್ಲ, ಅದೇ ಸರಿಯಾದ ಕ್ರಮ. ಫಾರ್ಮಿಕ್ ಆಸಿಡ್ ಯಾಕೆ ಕಾಣಲಿಲ್ಲ ಅಂತ ಕೇಳಬೇಡ, ಅದು ನೀರಿನಲ್ಲೇ ಕರಗಿ ಉಳಿದಿದೆ.

0.3 ಗ್ರಾಂಗೆ ನನ್ನ ಊಹೆ, ಫಾರ್ಮಾಲ್ಡಿಹೈಡ್ ಎಷ್ಟಿದ್ದರೂ ಒಂದಿಷ್ಟು ಅನಿಸಾಲ್ಡಿಹೈಡ್ ಕೊಡುವ ಕಡೆಗೂ ಹೋಗುತ್ತದೆ.

ರೆಸಿನ್_ರಾಯ

ನನಗೆ ಫಾರ್ಮಲಿನ್ ಮೇಲೆ ಅನುಮಾನ. ಸ್ಟೋರಿನ ಬಾಟಲಿ ತಳದಲ್ಲಿ ಬೆಳ್ಳಗೆ ಗಸಿ ಕೂತಿತ್ತಾ? ಕೂತಿದ್ದರೆ ಅದು ಪ್ಯಾರಾಫಾರ್ಮ್. ಮೇಲಿನ ನೀರು 37% ಇರುವುದಿಲ್ಲ. ಹತ್ತು ಮಿಲಿ ಅಳೆದರೂ ಲೆಕ್ಕಕ್ಕಿಂತ ಕಡಿಮೆ ಬಿದ್ದಿರುತ್ತದೆ. ಕೊನೆಯಲ್ಲಿ ಫಾರ್ಮಾಲ್ಡಿಹೈಡ್ ಮುಗಿದು, ಉಳಿದ ಆಲ್ಡಿಹೈಡ್ ತನ್ನೊಳಗೇ ಹಂಚಿಕೊಂಡಿರಬಹುದು.

ಎಂಎಸ್ಸಿ_ಮಲ್ಲಿಗೆ

ತಳದಲ್ಲಿ ಗಸಿ ಇತ್ತು ಸರ್. ಕುಲುಕದೇ ಮೇಲಿನದನ್ನೇ ತೆಗೆದೆ. ಮುಂದಿನ ವಾರ ಹೊಸ ಬಾಟಲಿ ಬರುತ್ತದಂತೆ. 12 ಮಿಲಿ ಹಾಕಿ ಇನ್ನೊಂದು ಸಲ ಮಾಡಿ, ಆಸಿಡ್ ತೂಕ ಇಲ್ಲೇ ಹಾಕುತ್ತೇನೆ.

ಕಪ್ಪೆಗೂಡು

ನಮ್ಮ ಜಾಡಿಗಳ ತಳದಲ್ಲೂ ಅದೇ ಬಿಳಿ ಗಸಿ ಇದೆ. ನಾನು ಇಷ್ಟು ದಿನ ಅದನ್ನು ಸೀಮೆಸುಣ್ಣ ಅಂದುಕೊಂಡಿದ್ದೆ.